ಪೇಂಟ್ ಡೀಲರ್ ಸ್ಕೀಮ್: ತಿಂಗಳ ಕೊನೆಗೆ ಮಾಲು ದಬ್ಬದ ಹಾಗೆ ಹೇಗೆ ಕಟ್ಟೋದು?

ಕಿತ್ತೂರು_ಎಕ್ಸ್‌ಪ್ರೆಸ್

ಎಲ್ಲರಿಗೂ ನಮಸ್ಕಾರ. ನಾನು ಒಂದು ಮಧ್ಯಮ ಗಾತ್ರದ ಪೇಂಟ್ ಕಂಪನಿಯಲ್ಲಿ ಸೇಲ್ಸ್ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಹುಬ್ಬಳ್ಳಿ ಡಿಪೋ. ಧಾರವಾಡ, ಗದಗ, ಹಾವೇರಿ ಮತ್ತೆ ಶಿರಸಿ ಕಡೆ ಒಂದಷ್ಟು ಅಂಗಡಿಗಳು ನಮ್ಮ ಕೆಳಗೆ ಬರುತ್ತವೆ.

ಈಗಿರುವ ಸ್ಕೀಮ್ ಹೀಗಿದೆ. ಮೂರು ತಿಂಗಳಲ್ಲಿ ಅಂಗಡಿ 5,000 ಲೀಟರ್ ಎತ್ತಿದರೆ 2%, 7,000 ಎತ್ತಿದರೆ 4%, 9,000 ಎತ್ತಿದರೆ 6%. ಸ್ಲ್ಯಾಬ್ ದಾಟಿದರೆ ಮೊದಲ ಲೀಟರಿಂದಲೇ ಆ ರೇಟು ಸಿಗುತ್ತದೆ. ಇದರ ಫಲ ಏನು ಅಂದರೆ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೆ ವಾರ ಡಿಪೋದಲ್ಲಿ ಲಾರಿಗಳ ಸಾಲು. ಆ ತಿಂಗಳ ಬಿಲ್ಲಿಂಗಿನಲ್ಲಿ ಸುಮಾರು ಅರ್ಧ ಆ ಒಂದೇ ವಾರದಲ್ಲಿ ಆಗುತ್ತದೆ. ಮುಂದಿನ ಹದಿನೈದು ದಿನ ಡಿಪೋದಲ್ಲಿ ನೊಣ ಹೊಡೀತಾ ಕೂತಿರುತ್ತಾರೆ. ಕಳೆದ ಕ್ವಾರ್ಟರಲ್ಲಿ ಬಿಲ್ಲಿಂಗ್ ಜಾಸ್ತಿ ಆಯಿತು, ಆದರೆ ವಸೂಲಿ ಹಿಂದೆ ಬಿತ್ತು. ಅದರ ಮೇಲೆ ವಾಪಸ್ ಬಂದ ಮಾಲು ಬೇರೆ.

ಹೊಸ ಸ್ಕೀಮ್ ಮಾಡು ಅಂತ ಎಂಡಿ ನನಗೆ ಹೇಳಿದ್ದಾರೆ. ಡೀಲರಿಗೆ ಉತ್ಸಾಹ ಇರಬೇಕು, ಆದರೆ ಗೋಡೌನ್ ತುಂಬಿಸುವ ಆಟ ನಿಲ್ಲಬೇಕು. ಈ ಲೈನಿನಲ್ಲಿ ಇರುವವರು ದಯವಿಟ್ಟು ಹೇಳಿ.

ಎಕ್ಸೆಲ್_ಹುಡುಗ

ಸುಲಭ ಸರ್. ನಿಮ್ಮ ರೋಗ ಇರೋದು 'ಮೊದಲ ಲೀಟರಿಂದಲೇ' ಅನ್ನೋ ಮಾತಿನಲ್ಲಿ. ಇನ್‌ಕಮ್ ಟ್ಯಾಕ್ಸ್ ಸ್ಲ್ಯಾಬ್ ತರಹ ಮಾಡಿ. 5,000ದಿಂದ 7,000ದ ನಡುವಿನ ಲೀಟರಿಗೆ ಒಂದು ರೇಟು, ಅದರ ಮೇಲಿನ ಲೀಟರಿಗೆ ಮಾತ್ರ ಜಾಸ್ತಿ ರೇಟು. ಸ್ಲ್ಯಾಬ್ ಅಂಚಿನಲ್ಲಿ ಒಂದೇ ಸಲಕ್ಕೆ ದುಡ್ಡು ಜಿಗಿಯೋದು ನಿಂತರೆ ದಬ್ಬೋದೂ ನಿಲ್ಲುತ್ತದೆ. ಇದಕ್ಕೆ ಹೊಸ ಸ್ಕೀಮೇ ಬೇಡ, ಒಂದು ಫಾರ್ಮುಲಾ ಬದಲಿಸಿದರೆ ಸಾಕು.

ಬೆಣ್ಣೆನಗರಿ_ಪೇಂಟ್ಸ್

ನಾನು ದಾವಣಗೆರೆಯಲ್ಲಿ ಪೇಂಟ್ ಅಂಗಡಿ ಇಟ್ಟವನು. ಡೀಲರ್ ಕಡೆಯಿಂದ ಹೇಳುತ್ತೇನೆ ಕೇಳಿ. ನಿಮ್ಮ ಸ್ಕೀಮನ್ನೇ ನನ್ನ ಅಂಗಡಿಗೆ ಹಾಕಿ ನೋಡೋಣ.

ಕ್ವಾರ್ಟರ್ ಮುಗಿಯೋಕೆ ಒಂದು ವಾರ ಇದೆ, ನಾನು 6,200 ಲೀಟರ್ ಎತ್ತಿದ್ದೇನೆ ಅಂತಿಟ್ಟುಕೊಳ್ಳಿ. ಸರಾಸರಿ ಲೀಟರಿಗೆ 200 ರೂಪಾಯಿ ಹಿಡಿಯಿರಿ, ಒಟ್ಟು 12.4 ಲಕ್ಷ. ಇಲ್ಲಿಗೇ ನಿಲ್ಲಿಸಿದರೆ ನನಗೆ 2%, ಅಂದರೆ 24,800 ರೂಪಾಯಿ. ಇನ್ನು 800 ಲೀಟರ್ ಎತ್ತಿದರೆ 7,000 ಆಗುತ್ತದೆ, 14 ಲಕ್ಷದ ಮೇಲೆ 4%, ಅಂದರೆ 56,000. ಆ 800 ಲೀಟರಿಗೆ ನಾನು ಕೊಡೋದು 1.6 ಲಕ್ಷ, ಅದರಿಂದ ಮೇಲೆ ಸಿಗೋದು 31,200. ಹತ್ತಿರ ಹತ್ತಿರ 20% ಡಿಸ್ಕೌಂಟ್ ಆಯಿತಲ್ಲ!

ಈಗ ನಾನು ಆ 800 ಲೀಟರನ್ನು ಇಟ್ಟುಕೊಳ್ಳಲೂ ಬೇಕಿಲ್ಲ. ರಾಣೆಬೆನ್ನೂರಿನ ಅಂಗಡಿಯವನಿಗೆ 10% ಕಡಿಮೆಗೆ ಕೊಟ್ಟು ಕೈ ತೊಳೆದುಕೊಂಡರೂ 16,000 ಕಳೆದು 15,200 ನನ್ನ ಜೇಬಿಗೆ. ಆ ಅಂಗಡಿಯವನು ನಿಮ್ಮ ಹಾವೇರಿ ಡೀಲರಿಗಿಂತ ಕಡಿಮೆ ರೇಟಿಗೆ ಮಾರುತ್ತಾನೆ. ಆಮೇಲೆ ಹಾವೇರಿಯವರು ನಿಮಗೆ ಫೋನ್ ಮಾಡಿ ಬಯ್ಯುತ್ತಾರೆ. ಡೀಲರ್ ದುರಾಸೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಇಂಥ ಸ್ಕೀಮ್ ಕೊಟ್ಟು ಕೂತಿರೋದು ಯಾರು?

ಎಕ್ಸೆಲ್ ತಮ್ಮ ಹೇಳಿದ್ದು ಸರಿ, ಅರ್ಧ ಕಡಿಮೆ ಆಗುತ್ತದೆ. ಆದರೆ ಮಂತ್ ಎಂಡಿನಲ್ಲಿ ಸೇಲ್ಸ್ ಆಫೀಸರ್ ಬಂದು 'ಅಣ್ಣಾ ಒಂದು ಲೋಡ್ ತಗೊಳ್ಳಿ, ಮುಂದಿನ ತಿಂಗಳು ವಾಪಸ್ ಹಾಕಿಸ್ತೀನಿ' ಅಂತ ಕೈ ಮುಗಿದು ಕೂರುತ್ತಾನಲ್ಲ, ಅದಕ್ಕೆ ಯಾವ ಫಾರ್ಮುಲಾ ಇದೆ?

ಡಿಪೋ_ಹಳಬ

ಮೇಲಿನ ಲೆಕ್ಕವನ್ನು ಪ್ರತಿ ಪೇಂಟ್ ಕಂಪನಿಯ ಗೋಡೆಗೆ ಅಂಟಿಸಬೇಕು. ನಾನು ಡಿಪೋ ಮ್ಯಾನೇಜರ್ ಆಗಿ ಶುರು ಮಾಡಿ ರೀಜನಲ್ ಮಟ್ಟದಲ್ಲಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಎಕ್ಸೆಲ್ ಹುಡುಗರು ಹೇಳಿದ ಹಾಗೆ ಅಂಚಿನ ಜಿಗಿತ ತೆಗೆಯಲೇಬೇಕು. ಅದು ಮೊದಲ ಕೆಲಸ, ಆದರೆ ಅಷ್ಟಕ್ಕೇ ರೋಗ ವಾಸಿಯಾಗೋದಿಲ್ಲ. ಯಾಕೆಂದರೆ ನೀವು ಇನ್ನೂ ದುಡ್ಡು ಕೊಡುತ್ತಿರೋದು ಅಂಗಡಿಯ ಒಳಗೆ ಹೋದ ಮಾಲಿಗೆ. ಹೊರಗೆ ಹೋದ ಮಾಲಿಗಲ್ಲ. ಒಳಗೆ ಹೋದದ್ದಕ್ಕೆ ದುಡ್ಡು ಕೊಡುವವರೆಗೂ ಯಾರಾದರೊಬ್ಬರು ಒಳಗೆ ತಳ್ಳುತ್ತಲೇ ಇರುತ್ತಾರೆ. ಡೀಲರ್ ಬೇಡ ಅಂದರೂ ನಿಮ್ಮದೇ ಸೇಲ್ಸ್ ಆಫೀಸರ್ ತಳ್ಳುತ್ತಾನೆ. ಅವನ ಇನ್ಸೆಂಟಿವ್ ಕೂಡ ಬಿಲ್ಲಿಂಗ್ ಮೇಲೇ ಇರುತ್ತದೆ ತಾನೆ?

ಸೋಪು, ಬಿಸ್ಕತ್ತು ಮಾರುವವರಿಗೆ ಅಂಗಡಿಯಿಂದ ಎಷ್ಟು ಹೊರಗೆ ಹೋಯಿತು ಅಂತ ತಿಳಿಯೋದು ಕಷ್ಟ. ಪೇಂಟಿನವರಿಗೆ ಒಂದು ಅದೃಷ್ಟ ಇದೆ, ಅದು ಟಿಂಟಿಂಗ್ ಮಷಿನ್. ಗಿರಾಕಿ ಬಂದು ಶೇಡ್ ಕಾರ್ಡ್ ತೋರಿಸಿದ ಮೇಲೇ ಬೇಸಿಗೆ, ಅಂದರೆ ಇನ್ನೂ ಶೇಡ್ ಹಾಕದ ಪೇಂಟಿಗೆ, ಬಣ್ಣ ಬೀಳುತ್ತದೆ. ಯಾವ ಬೇಸ್, ಯಾವ ಶೇಡ್, ಎಷ್ಟು ಲೀಟರಿನ ಡಬ್ಬ, ಯಾವ ಹೊತ್ತಿಗೆ, ಎಲ್ಲ ಆ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಒಂದು ಸಲ ಬಣ್ಣ ಬಿದ್ದ 20 ಲೀಟರ್ ಬಕೆಟ್ಟನ್ನು ಕಂಪನಿಗೆ ವಾಪಸ್ ಹಾಕೋಕಾಗಲ್ಲ, ಬೇರೆ ಗಿರಾಕಿಗೆ ಮಾರೋದೂ ಕಷ್ಟ. ಹಾಗಾಗಿ ಟಿಂಟ್ ಆಯಿತು ಅಂದರೆ ಮಾರಾಟ ಆಯಿತು ಅಂತಲೇ ಅರ್ಥ.

ಈ ದಾಖಲೆ ನಿಮ್ಮ ಹತ್ತಿರ ಈಗಾಗಲೇ ಇದೆ. ಸ್ಕೀಮಿನ ಮುಖ್ಯ ದುಡ್ಡನ್ನು ಅದರ ಮೇಲೆ ಕೊಡಿ.

ಹೊಸಮನೆ_ಗೃಹಪ್ರವೇಶ

ಸರ್, ಇಲ್ಲಿ ಪೇಂಟ್ ಬಲ್ಲವರು ಇದ್ದೀರಿ ಅಂತ ಕೇಳುತ್ತಿದ್ದೇನೆ. ನಮ್ಮ ಮನೆಗೆ ಅಂಗಡಿಯವರು ಒಂದೇ ಬ್ರಾಂಡ್ ತಗೊಳ್ಳಿ ಅಂತ ಹಠ ಹಿಡಿದರು. ಅದು ಈ ಸ್ಕೀಮಿನ ಕಾರಣಕ್ಕೇನಾ? ಹಾಗಾದರೆ ಗಿರಾಕಿಗೂ ಡಿಸ್ಕೌಂಟ್ ಕೇಳಬಹುದಾ?

ಬೆಣ್ಣೆನಗರಿ_ಪೇಂಟ್ಸ್

ಕೇಳಬಹುದು ಮೇಡಂ, ಧಾರಾಳವಾಗಿ ಕೇಳಿ. ಕ್ವಾರ್ಟರ್ ಕೊನೆ ವಾರದಲ್ಲಿ ಹೋಗಿ ಕೇಳಿದರೆ ಇನ್ನೂ ಒಳ್ಳೇದು 😄. ಆದರೆ ಮೊದಲು ಬಕೆಟ್ ಮೇಲೆ ತಯಾರಾದ ತಿಂಗಳು ನೋಡಿ ತಗೊಳ್ಳಿ.

ಕಿತ್ತೂರು_ಎಕ್ಸ್‌ಪ್ರೆಸ್

ಹಳಬರೇ, ಟಿಂಟ್ ದಾಖಲೆ ವಿಷಯ ನನ್ನ ತಲೆಯಲ್ಲೂ ಇತ್ತು. ಎರಡು ಅನುಮಾನ. ಒಂದು, ನಮ್ಮ ಮಾಲಿನಲ್ಲಿ ಟಿಂಟ್ ಆಗದೆ ಹೋಗೋದು ಬೇಕಾದಷ್ಟಿದೆ. ಪುಟ್ಟಿ, ಪ್ರೈಮರ್, ಬಿಳಿ ಎಮಲ್ಷನ್, ರೆಡಿ ಶೇಡ್ ಎನಾಮಲ್. ಎರಡು, ಟಿಂಟ್ ಮೇಲೆ ದುಡ್ಡು ಅಂತ ಗೊತ್ತಾದ ದಿನವೇ ಡೀಲರುಗಳು ಸುಳ್ಳು ಟಿಂಟ್ ಹೊಡೆಯೋಕೆ ಶುರು ಮಾಡೋದಿಲ್ವಾ?

ಡಿಪೋ_ಹಳಬ

ಎರಡನೆಯದಕ್ಕೆ ಮೊದಲು ಉತ್ತರ. ಹೊಡೆಯುತ್ತಾರೆ. ನಾನು ನೋಡಿದ ಹಾಗೆ ಮೂರು ತರಹ ಆಗುತ್ತದೆ.

ಡಬ್ಬ ಇಡದೆ ಕಂಪ್ಯೂಟರಿನಲ್ಲಿ ಸುಮ್ನೆ ಎಂಟ್ರಿ ಹಾಕೋದು, ಇಲ್ಲಾ 1 ಲೀಟರ್ ಡಬ್ಬಕ್ಕೆ ಬಣ್ಣ ಹಾಕಿ 20 ಲೀಟರ್ ಅಂತ ತೋರಿಸೋದು. ಇದನ್ನು ಹಿಡಿಯೋಕೆ ಕಲರೆಂಟ್, ಅಂದರೆ ಮಷಿನ್ ಬೇಸಿಗೆ ಹಾಕುವ ಬಣ್ಣದ ಲೆಕ್ಕ ಸಾಕು. ಪ್ರತಿ ಶೇಡಿಗೂ ಎಷ್ಟು ಎಂಎಲ್ ಕಲರೆಂಟ್ ಬೀಳಬೇಕು ಅಂತ ಫಾರ್ಮುಲಾದಲ್ಲೇ ಇದೆ. ಮೂರು ತಿಂಗಳ ದಾಖಲೆ ಕೂಡಿಸಿದರೆ ಈ ಅಂಗಡಿ ಇಷ್ಟು ಲೀಟರ್ ಕಲರೆಂಟ್ ಖರ್ಚು ಮಾಡಿರಬೇಕು ಅಂತ ಬರುತ್ತದೆ. ಅಷ್ಟು ಕಲರೆಂಟ್ ಅವನು ನಿಮ್ಮಿಂದ ಕೊಂಡಿಲ್ಲ ಅಂದರೆ ದಾಖಲೆ ಸುಳ್ಳು. ಕಲರೆಂಟ್ ದುಬಾರಿ ಮಾಲು, ಸುಳ್ಳಿಗೋಸ್ಕರ ಅದನ್ನು ಯಾರೂ ಚರಂಡಿಗೆ ಸುರಿಯೋದಿಲ್ಲ.

ಇನ್ನೊಂದು, ನಿಮ್ಮ ಮಷಿನಿನಲ್ಲಿ ಬೇರೆ ಕಂಪನಿಯ ಬೇಸಿಗೆ ಬಣ್ಣ ಹಾಕೋದು. ಮತ್ತೊಂದು, ಪಕ್ಕದ ಊರಿನಿಂದ ಕಡಿಮೆ ರೇಟಿಗೆ ಬಂದ ನಿಮ್ಮದೇ ಬೇಸನ್ನು ಟಿಂಟ್ ಮಾಡೋದು. ಎರಡಕ್ಕೂ ಒಂದೇ ಮದ್ದು. ಟಿಂಟ್ ಆದ ಲೀಟರ್, ಆ ಅಂಗಡಿ ನಿಮ್ಮಿಂದ ಕೊಂಡ ಬೇಸಿನ ಲೀಟರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಮಾತ್ರ ದುಡ್ಡು. ಒಂದು ಕ್ವಾರ್ಟರಿನದಲ್ಲ, ಸ್ಕೀಮ್ ಶುರುವಾದ ದಿನದಿಂದ ಕೂಡುತ್ತಾ ಬಂದ ಲೆಕ್ಕ. ಶುರುವಿನ ದಿನ ಅಂಗಡಿಯಲ್ಲಿದ್ದ ಸ್ಟಾಕನ್ನೂ ಕೊಂಡದ್ದರ ಜೊತೆ ಸೇರಿಸಿಕೊಳ್ಳಬೇಕು.

ಇದೇ ಕಲರೆಂಟ್ ಲೆಕ್ಕ ಉಲ್ಟಾ ಕೂಡ ಕೆಲಸ ಮಾಡುತ್ತದೆ. ಹಳೇ ಸ್ಕೀಮಿನಲ್ಲಿ ಯಾವ ಅಂಗಡಿಗೆ ಮಾಲು ತುಂಬಿದೆ ಅಂತ ನೋಡಬೇಕಾ? ಬೇಸ್ ಖರೀದಿ ಒಂದೂವರೆ ಪಟ್ಟು ಆಗಿದೆ, ಕಲರೆಂಟ್ ಖರೀದಿ ಇದ್ದಲ್ಲೇ ಇದೆ ಅಂದರೆ ಆ ಬೇಸ್ ಇನ್ನೂ ಗೋಡೌನಿನಲ್ಲಿ ಇದೆ ಅಥವಾ ಲಾರಿ ಹತ್ತಿ ಬೇರೆ ಊರಿಗೆ ಹೋಗಿದೆ. ತಿಳಿ ಶೇಡುಗಳಿಗೆ ಕಲರೆಂಟ್ ತೀರಾ ಕಡಿಮೆ ಬೀಳುತ್ತದೆ, ಗಾಢ ಶೇಡಿಗೆ ಜಾಸ್ತಿ. ಹಾಗಾಗಿ ಒಂದು ಅಂಗಡಿಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಅದೇ ಅಂಗಡಿಯ ಹಿಂದಿನ ವರ್ಷದ ಜೊತೆ ಹೋಲಿಸಿ.

ಟಿಂಟ್ ಆಗದ ಮಾಲಿಗೆ ಇಷ್ಟು ಚೆಂದದ ದಾರಿ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಕಡಲ_ಕುಂಚ

ಮಂಗಳೂರಿನಿಂದ ಪೇಂಟಿಂಗ್ ಕಂತ್ರಾಟು ಮಾಡುವವನು. ಟಿಂಟ್ ಯಾಕೆ ಬೇಕು ಮಾರಾಯ್ರೆ? ಬಕೆಟ್ ಒಳಗೆ ಪೇಂಟರಿಗೆ ಅಂತ ಟೋಕನ್ ಇರುತ್ತದಲ್ಲ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ದುಡ್ಡು ಬರುತ್ತದೆ. ಬಕೆಟ್ ತೆರೆದ ಮೇಲೇ ಅಲ್ವಾ ಟೋಕನ್ ಸಿಗೋದು? ಅದನ್ನೇ ಲೆಕ್ಕಕ್ಕೆ ಹಿಡಿಯಿರಿ, ಬಿಳಿ ಪೇಂಟಿಗೂ ಪ್ರೈಮರಿಗೂ ಆಗುತ್ತದೆ.

ಇನ್ನೊಂದು ಮಾತು. ಟೋಕನ್ ದುಡ್ಡು ಈಗೀಗ ತಡವಾಗಿ ಬರುತ್ತಿದೆ, ಅದನ್ನೂ ಯಾರಾದರೂ ಕಂಪನಿಯವರು ಕೇಳಿಸಿಕೊಂಡರೆ ಒಳ್ಳೇದು.

ಬೆಣ್ಣೆನಗರಿ_ಪೇಂಟ್ಸ್

ಟೋಕನ್ ಐಡಿಯಾ ಒಳ್ಳೇದೇ ಅಣ್ಣಾ, ಆದರೆ ನಮ್ಮ ಕಡೆ ಅರ್ಧ ಪೇಂಟರುಗಳು ಟೋಕನ್ ತಂದು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಕೊಟ್ಟು ದುಡ್ಡು ಇಸ್ಕೊಂಡು ಹೋಗುತ್ತಾರೆ. ತಿಂಗಳದ್ದೆಲ್ಲ ಕೂಡಿಟ್ಟು ಅಂಗಡಿಯವರೇ ಸ್ಕ್ಯಾನ್ ಮಾಡಿಸುತ್ತಾರೆ. ಯಾವ ಟೋಕನ್ ಯಾವತ್ತು ತೆರೆದ ಬಕೆಟ್ಟಿನದ್ದು ಅಂತ ದೇವರಿಗೇ ಗೊತ್ತು.

ಡಿಪೋ_ಹಳಬ

ಇಬ್ಬರೂ ಸರಿ. ಟೋಕನ್ನಿನಿಂದ ತಾರೀಖು ಸಿಗದೇ ಇರಬಹುದು, ಆದರೆ ಬಕೆಟ್ ತೆರೆದದ್ದಂತೂ ನಿಜ. ಟೋಕನ್ ನಂಬರನ್ನು ಬಕೆಟ್ ನಂಬರಿಗೆ, ಬಕೆಟ್ಟನ್ನು ಬಿಲ್ಲಿಗೆ ಜೋಡಿಸಿದ್ದರೆ ಇನ್ನೊಂದು ಉಪಯೋಗ ಇದೆ. ದಾವಣಗೆರೆಗೆ ಬಿಲ್ ಆದ ಬಕೆಟ್ಟಿನ ಟೋಕನ್ ರಾಣೆಬೆನ್ನೂರಿನಲ್ಲಿ ಸ್ಕ್ಯಾನ್ ಆದರೆ ಮಾಲು ಎಲ್ಲಿಗೆ ಹೋಯಿತು ಅಂತ ತಿಳಿಯುತ್ತದೆ. ಒಂದೆರಡು ಬಕೆಟ್ ಆದರೆ ಸೈಟ್ ಅಲ್ಲಿರಬಹುದು. ರಾಶಿಗಟ್ಟಲೆ ಆದರೆ ದಬ್ಬಾಟ. ದುಡ್ಡು ಕೊಡೋಕೆ ಟಿಂಟ್, ಕಾವಲಿಗೆ ಟೋಕನ್. ಹೀಗೆ ಇಟ್ಟುಕೊಳ್ಳಿ.

ಲೆಕ್ಕದ_ಲಲಿತೆ

ಮೈಸೂರಿನಲ್ಲಿ ಸಿಎ ಪ್ರಾಕ್ಟೀಸ್ ಮಾಡುತ್ತೇನೆ. ಮೇಲೆ ದಾವಣಗೆರೆಯವರು ಬರೆದ ಒಂದು ಸಾಲಿಗೆ ನನ್ನ ಕಣ್ಣು ಹೋಯಿತು. 'ಮುಂದಿನ ತಿಂಗಳು ವಾಪಸ್ ಹಾಕಿಸ್ತೀನಿ.'

ನಿಮ್ಮ ಎಂಡಿಗೆ ಇದನ್ನು ತೋರಿಸಿ. ಸೇಲ್ಸ್ ಆಫೀಸರ್ ಬಾಯಲ್ಲಿ ಹೀಗೆ ಮಾತು ಕೊಟ್ಟು, ಅದೇ ರೂಢಿಯಾಗಿ ಮಾಲು ವಾಪಸ್ ಬರುತ್ತಿದೆ ಅಂದರೆ ಆ ಬಿಲ್ಲನ್ನು ಪೂರ್ತಿ ಮಾರಾಟ ಅಂತ ಪುಸ್ತಕಕ್ಕೆ ಹಾಕೋಕೆ ಬರೋದಿಲ್ಲ. ಆದಾಯ ಲೆಕ್ಕ ಹಿಡಿಯುವ ನಿಯಮವಾದ ಇಂಡ್ ಎಎಸ್ 115 ಅನ್ವಯಿಸುವ ಕಂಪನಿಗಳು ವಾಪಸ್ ಬರಬಹುದಾದ ಮಾಲಿನ ಅಂದಾಜನ್ನು, ಕೊಡಬೇಕಾದ ರಿಬೇಟಿನ ಅಂದಾಜನ್ನು ಆದಾಯದಿಂದ ಆಗಲೇ ಕಳೆಯಬೇಕು. 'ಮಾರಿದ ಮೇಲೆ ದುಡ್ಡು ಕೊಡಿ' ಅನ್ನೋ ಒಪ್ಪಂದ ಇದ್ದರಂತೂ ಅದು ಮಾರಾಟವೋ ಅಥವಾ ಮಾಲನ್ನು ಇನ್ನೊಬ್ಬರ ಗೋಡೌನಿನಲ್ಲಿ ಇಟ್ಟದ್ದೋ ಅನ್ನೋ ಪ್ರಶ್ನೆ ಬರುತ್ತದೆ. ಆಡಿಟರ್ ಮಾರ್ಚ್ ಕೊನೆ ವಾರದ ಬಿಲ್ಲುಗಳನ್ನು, ಏಪ್ರಿಲ್ ಮೊದಲೆರಡು ವಾರದ ವಾಪಸಾತಿಗಳನ್ನು ಪಕ್ಕಪಕ್ಕ ಇಟ್ಟು ನೋಡೋದು ಇದಕ್ಕೇ.

ವಿದೇಶ ಪ್ರವಾಸ, ಚಿನ್ನದ ನಾಣ್ಯ ಇಂಥವು ನಿಮ್ಮ ಸ್ಕೀಮಿನಲ್ಲಿ ಇದ್ದರೆ, 2022 ಜುಲೈ 1ರಿಂದ ವರ್ಷಕ್ಕೆ 20,000 ರೂಪಾಯಿ ದಾಟಿದ ಇಂಥ ಲಾಭಕ್ಕೆ 10% ಟಿಡಿಎಸ್ ಬಂದಿದೆ. ಪ್ರವಾಸಕ್ಕೆ ಹೋಗಿ ಬಂದ ಡೀಲರಿಗೆ ಅದು ಅವರ ಆದಾಯವೂ ಹೌದು. ಸುಮಾರು ಜನಕ್ಕೆ ಇದು ಆಮೇಲೆ ಗೊತ್ತಾಗಿ ಕೂಗಾಡುತ್ತಾರೆ. ನನ್ನ ಮಾತು ಕೇಳಿದರೆ ಪ್ರವಾಸ ಬಿಟ್ಟು ಕ್ರೆಡಿಟ್ ನೋಟ್ ಕೊಡಿ. ಸ್ಕೀಮನ್ನು ಕ್ವಾರ್ಟರ್ ಶುರುವಾಗುವ ಮೊದಲೇ ಬರೆದು ಕೊಡಿ, ಕೊನೆಗೆ ವಾಟ್ಸಾಪಿನಲ್ಲಿ ಕಳಿಸಬೇಡಿ. ಜಿಎಸ್‌ಟಿ ಲೆಕ್ಕಕ್ಕೂ ಅದು ಒಳ್ಳೇದು.

ಕಿತ್ತೂರು_ಎಕ್ಸ್‌ಪ್ರೆಸ್

ಮೇಡಂ, ಪ್ರವಾಸ ಇದೆ. ಅದೂ ವರ್ಷದ ಒಟ್ಟು ಎತ್ತುವಳಿ ಮೇಲೆ. ಮಾರ್ಚಿನಲ್ಲಿ ಯಾಕೆ ಅಷ್ಟು ಜೋರು ಅಂತ ಈಗ ಇನ್ನೂ ಸ್ಪಷ್ಟ ಆಯಿತು.

ನಿನ್ನೆ ಕೂತು ದಾವಣಗೆರೆ ಅಣ್ಣನ ಅಂಗಡಿ ಲೆಕ್ಕವನ್ನೇ ಹೊಸ ಸ್ಕೀಮಿಗೆ ಹಾಕಿ ನೋಡಿದೆ. ಕೊಂಡದ್ದು 6,200 ಲೀಟರ್, ಅದರಲ್ಲಿ ಟಿಂಟ್ ಆಗುವ ಬೇಸ್ 4,400 ಅಂತಿಟ್ಟುಕೊಂಡೆ. ಟಿಂಟ್ ಆದದ್ದು 4,200. ಹೋದ ವರ್ಷ ಇದೇ ಮೂರು ತಿಂಗಳಲ್ಲಿ ಟಿಂಟ್ ಆದದ್ದು 3,600. ಸ್ಕೀಮಿನಲ್ಲಿ ಶೇಕಡಾ ಬಿಟ್ಟು ಲೀಟರಿಗೆ ಇಷ್ಟು ರೂಪಾಯಿ ಅಂತ ಮಾಡಿದ್ದೇನೆ. ಹೋದ ವರ್ಷದ ಮಟ್ಟದವರೆಗೆ ಲೀಟರಿಗೆ 5 ರೂಪಾಯಿ, ಅದರ ಮೇಲಿನ ಲೀಟರಿಗೆ 11.

3,600ಕ್ಕೆ 18,000. ಮೇಲಿನ 600ಕ್ಕೆ 6,600. ಒಟ್ಟು 24,600. ಇದರ ಜೊತೆಗೆ 30 ದಿನದೊಳಗೆ ದುಡ್ಡು ಕಟ್ಟಿದ ಬಿಲ್ಲಿಗೆ 1%, ಎಲ್ಲ ಬಿಲ್ಲನ್ನೂ ಹೊತ್ತಿಗೆ ಕಟ್ಟಿದರೆ 12,400. ಎರಡೂ ಸೇರಿ 37,000.

ಹಳೇ ಸ್ಕೀಮಿನಲ್ಲಿ 800 ಲೀಟರ್ ದಬ್ಬಿಸಿಕೊಂಡು ಬೇರೆ ಊರಿಗೆ ಸಾಗಿಸಿದರೆ ಅವರ ಕೈಗೆ ಉಳಿಯುತ್ತಿದ್ದದ್ದು 56,000ದಲ್ಲಿ 16,000 ಕಳೆದು 40,000. ಈಗ ಏನೂ ತಲೆನೋವಿಲ್ಲದೆ 37,000. ಹೊಸದರಲ್ಲಿ ಕೊನೆ ವಾರ 800 ಲೀಟರ್ ಎತ್ತಿದರೆ ಏನು ಸಿಗುತ್ತದೆ? ಟಿಂಟ್ ಆಗೋವರೆಗೆ ಏನೂ ಇಲ್ಲ. ಹೊತ್ತಿಗೆ ದುಡ್ಡು ಕಟ್ಟಿದರೆ 1,600 ಅಷ್ಟೇ. 16,000 ನಷ್ಟ ಮಾಡಿಕೊಂಡು ಯಾರೂ ಸಾಗಿಸೋದಿಲ್ಲ.

ಲೆಕ್ಕವನ್ನು ಪ್ರತಿ ತಿಂಗಳೂ ಹಿಂದಿನ ಮೂರು ತಿಂಗಳು ಸೇರಿಸಿ ನೋಡಿ, ಆ ತಿಂಗಳ ಪಾಲು ಕೊಡೋಣ ಅಂತಿದ್ದೇನೆ. ಆಗ 'ಕೊನೆ ವಾರ' ಅನ್ನೋದಕ್ಕೆ ಅಷ್ಟು ಬೆಲೆ ಇರೋದಿಲ್ಲ.

ಬೆಣ್ಣೆನಗರಿ_ಪೇಂಟ್ಸ್

ಲೆಕ್ಕ ಚೆನ್ನಾಗಿದೆ. ಆದರೆ ಒಂದು ಕಡೆ ಚುಚ್ಚುತ್ತದೆ. ಈ ವರ್ಷ ನಾನು 4,200 ಮಾಡಿದೆ. ಮುಂದಿನ ವರ್ಷ ನನ್ನ ಮಟ್ಟ 4,200 ಆಗುತ್ತದೆ. ಅಂದರೆ ಚೆನ್ನಾಗಿ ಮಾರಿದ್ದಕ್ಕೆ ನನಗೆ ಶಿಕ್ಷೆ. ಪಕ್ಕದವನು ಎರಡು ವರ್ಷ ಮಲಗಿದ್ದು ಈಗ ಎದ್ದರೆ ಅವನಿಗೆ 11 ರೂಪಾಯಿ, ನನಗೆ 5. ಇದು ಯಾವ ನ್ಯಾಯ? ಹಾಗಾದರೆ ನಾನೂ ಡಿಸೆಂಬರಿನಲ್ಲಿ ಬಂದ ಗಿರಾಕಿಯನ್ನು ಬೇರೆ ಬ್ರಾಂಡಿಗೆ ತಿರುಗಿಸಿ ನಿಮ್ಮದನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುತ್ತೇನೆ.

ಎಕ್ಸೆಲ್_ಹುಡುಗ

ಅಣ್ಣಾ ಹೇಳಿದ್ದು ಸರಿ. ಮಟ್ಟವನ್ನು ಮೂರು ವರ್ಷದ ಸರಾಸರಿ ಮೇಲೆ ಇಡಬಹುದು, ಆಗ ನಿಧಾನಕ್ಕೆ ಏರುತ್ತದೆ.

ಇನ್ನೊಂದು ಐಡಿಯಾ. ಬೇರೆ ಬ್ರಾಂಡಿಗೆ ತಿರುಗಿಸೋದೇ ಭಯ ಆದರೆ, ಹೊಸದಾಗಿ ಮಾರ್ಕೆಟಿಗೆ ಬಂದಿರುವ ಕಂಪನಿಗಳ ಮಷಿನ್ ಇಟ್ಟುಕೊಳ್ಳದ ಅಂಗಡಿಗೆ ಲೀಟರಿಗೆ 2 ರೂಪಾಯಿ ಜಾಸ್ತಿ ಕೊಡಿ. ಅಂಗಡಿ ನಮ್ಮದೇ ಆಗಿ ಉಳಿಯುತ್ತದೆ.

ಲೆಕ್ಕದ_ಲಲಿತೆ

ಆ ಕೊನೆ ಐಡಿಯಾವನ್ನು ವಕೀಲರನ್ನು ಕೇಳದೆ ಮುಟ್ಟಬೇಡಿ. ಬಿರ್ಲಾ ಓಪಸ್ ಮಾರುವ ಗ್ರಾಸಿಂ ಕಂಪನಿ ಕೊಟ್ಟ ದೂರಿನ ಮೇಲೆ, ಡೀಲರುಗಳನ್ನು ಕಟ್ಟಿಹಾಕುವ ಆರೋಪದ ಬಗ್ಗೆ ಸ್ಪರ್ಧಾ ಆಯೋಗ ಸಿಸಿಐ 2025ರ ಜುಲೈನಲ್ಲಿ ಏಷ್ಯನ್ ಪೇಂಟ್ಸ್ ಮೇಲೆ ತನಿಖೆಗೆ ಆದೇಶ ಕೊಟ್ಟಿತು. ತನಿಖೆ ಅಂದರೆ ತಪ್ಪು ಸಾಬೀತಾಯಿತು ಅಂತಲ್ಲ. ಮಾರುಕಟ್ಟೆಯಲ್ಲಿ ಯಜಮಾನನ ಸ್ಥಾನದಲ್ಲಿ ಇರುವ ಕಂಪನಿಗೆ ಇರುವ ಕಟ್ಟು ಮಧ್ಯಮ ಕಂಪನಿಗೆ ಅದೇ ರೀತಿ ಇರೋದೂ ಇಲ್ಲ. ಆದರೂ ನಿಮ್ಮ ಮಾಲು ಮಾರಿದ್ದಕ್ಕೆ ದುಡ್ಡು ಕೊಡಿ, ಬೇರೆಯವರದ್ದು ಮಾರದೇ ಇದ್ದದ್ದಕ್ಕೆ ಕೊಡಬೇಡಿ.

ಡಿಪೋ_ಹಳಬ

ಮೂರು ವರ್ಷದ ಸರಾಸರಿ ಪರವಾಗಿಲ್ಲ. ನನಗೆ ಇನ್ನೂ ಸರಳವಾದದ್ದು ಇಷ್ಟ. ಎಲ್ಲರಿಗೂ ಒಂದೇ ರೇಟು ಲೀಟರಿಗೆ 6 ರೂಪಾಯಿ ಕೊಟ್ಟುಬಿಡಿ, ಬೆಳವಣಿಗೆ ಬಹುಮಾನವೇ ಬೇಡ. ಮೇಲಿನ ಲೆಕ್ಕಕ್ಕೆ ಹಾಕಿದರೆ 25,200 ಬರುತ್ತದೆ, ಹೆಚ್ಚೂ ಕಡಿಮೆ ಅಷ್ಟೇ. ಎಂಡಿಗಳು ಒಪ್ಪೋದಿಲ್ಲ, ಅದೂ ಗೊತ್ತು. 'ಏನೂ ಜಾಸ್ತಿ ಮಾಡದವನಿಗೆ ಯಾಕೆ ಕೊಡಬೇಕು' ಅನ್ನುತ್ತಾರೆ.

ಈಗ ಟಿಂಟ್ ಆಗದ ಮಾಲಿಗೆ ಬರುತ್ತೇನೆ. ಪುಟ್ಟಿ, ಪ್ರೈಮರ್, ಬಿಳಿಗೆ ಎತ್ತುವಳಿ ಮೇಲೆ ಇನ್ಸೆಂಟಿವೇ ಇಡಬೇಡಿ. ಹೊತ್ತಿಗೆ ದುಡ್ಡು ಕಟ್ಟಿದ್ದಕ್ಕೆ ಕೊಡುವ 1% ಅಷ್ಟೇ ಇರಲಿ. ಗೋಡೆಗೆ ಬಣ್ಣ ಹೋದರೆ ಅದರ ಕೆಳಗೆ ಪುಟ್ಟಿ, ಪ್ರೈಮರ್ ತಾನಾಗಿ ಹೋಗುತ್ತದೆ. ಪುಟ್ಟಿಯನ್ನು ದಬ್ಬೋದು ಎಲ್ಲಕ್ಕಿಂತ ಕೆಟ್ಟದ್ದು. ಬಿಳಿ ಸಿಮೆಂಟಿನ ಪುಟ್ಟಿ ಚೀಲ ಮಳೆಗಾಲದಲ್ಲಿ ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ. ಶಿರಸಿ ಕಡೆ ಜೂನ್ ಕೊನೆ ವಾರ ಲೋಡ್ ಇಳಿಸಿದರೆ ಸೆಪ್ಟೆಂಬರಿನಲ್ಲಿ ಕಲ್ಲು ವಾಪಸ್ ತಗೊಂಡು ಬರಬೇಕು.

ಹಬ್ಬದ ಸ್ಟಾಕನ್ನು ದಬ್ಬಾಟ ಅಂತ ತಿಳಿಯಬೇಡಿ. ಸೆಪ್ಟೆಂಬರಿನಲ್ಲಿ ಡೀಲರ್ ಜಾಸ್ತಿ ಎತ್ತೋದು ಸಹಜ, ದಸರಾ, ದೀಪಾವಳಿ ಮುಂದಿದೆ. ತೊಂದರೆ ಏನೆಂದರೆ ಕ್ವಾರ್ಟರ್ ಕೊನೆಯೂ ಅದೇ ಸೆಪ್ಟೆಂಬರ್ 30. ಹಬ್ಬದ ಹೆಸರಿನಲ್ಲಿ ದಬ್ಬಿದ್ದು ಒಳಗೆ ಅಡಗಿ ಕೂರುತ್ತದೆ. ಆ ಹೊತ್ತಿಗೆ ಎರಡನ್ನೂ ಬೇರೆ ಮಾಡೋಕಾಗಲ್ಲ. ದೀಪಾವಳಿ ಕಳೆದು ಎರಡು ವಾರಕ್ಕೆ ಟಿಂಟ್ ದಾಖಲೆ ತೆಗೆಯಿರಿ. ಸೆಪ್ಟೆಂಬರಿನಲ್ಲಿ ಎತ್ತಿದ ಬೇಸ್ ಅಷ್ಟರಲ್ಲಿ ಟಿಂಟ್ ಆಗಿದ್ದರೆ ಅದು ಹಬ್ಬದ ಸ್ಟಾಕು. ಇಲ್ಲದಿದ್ದರೆ ಗೊತ್ತಾಯಿತಲ್ಲ.

ಇಷ್ಟೆಲ್ಲ ಮಾಡಿದರೂ ಸ್ಕೀಮ್ ಸಾಯೋದು ಬೇರೆ ಕಡೆ, ಅದನ್ನು ಎಂಡಿಗೆ ಮೊದಲೇ ಹೇಳಿ. ಈಗ ನಿಮ್ಮ ಅಂಗಡಿಗಳಲ್ಲಿ ಎಷ್ಟು ದಿನದ ಸ್ಟಾಕ್ ಇದೆ? ದೊಡ್ಡದು, ಚಿಕ್ಕದು ಸೇರಿಸಿ ಒಂದಷ್ಟು ಅಂಗಡಿಗೆ ಹೋಗಿ ಬಕೆಟ್ ಎಣಿಸಿ. ಗೋಡೌನಿನ ಹಿಂದಿನ ಸಾಲಿನ ಬಕೆಟ್ಟಿನ ಮೇಲೆ ಯಾವ ತಿಂಗಳು ಅಂತ ಓದಿ. 75 ದಿನದ ಸ್ಟಾಕ್ ಇದೆ, ಬೇಕಾದದ್ದು 45 ದಿನದ್ದು ಅಂತಿಟ್ಟುಕೊಳ್ಳಿ. ಡಿಪೋದಿಂದ ದಿನಾ ಮಾಲು ಕಳಿಸುವ ವ್ಯವಸ್ಥೆ ಇದ್ದರೆ 45 ಕೂಡ ಧಾರಾಳವೇ. ಹೊಸ ಸ್ಕೀಮ್ ಬಂದ ಕೂಡಲೇ ಡೀಲರ್ ಮೊದಲು ಇದ್ದದ್ದನ್ನು ಖಾಲಿ ಮಾಡುತ್ತಾನೆ. 30 ದಿನದ ಸ್ಟಾಕ್ ಇಳಿಯುತ್ತದೆ ಅಂದರೆ ನಿಮಗೆ ಒಂದು ತಿಂಗಳ ಬಿಲ್ಲಿಂಗ್ ಖೋತಾ. ಡಿಪೋ ತಿಂಗಳಿಗೆ 6 ಕೋಟಿ ಮಾಡುತ್ತಿದ್ದರೆ ಆ 6 ಕೋಟಿ ಬರೋದೇ ಇಲ್ಲ. ಅಂಗಡಿಯಿಂದ ಮನೆಗೆ ಹೋಗುವ ಮಾಲು ಒಂದು ಲೀಟರೂ ಕಡಿಮೆ ಆಗಿರೋದಿಲ್ಲ, ಆದರೆ ರಿಪೋರ್ಟಿನಲ್ಲಿ ಬಿಲ್ಲಿಂಗ್ ಬಿದ್ದಿರುತ್ತದೆ. ಎರಡನೇ ತಿಂಗಳಿಗೇ ಹೆಡ್ ಆಫೀಸಿನಿಂದ ಫೋನ್ ಬರುತ್ತದೆ. 'ಈ ಕ್ವಾರ್ಟರಿಗೆ ಮಾತ್ರ' ಅಂತ ಒಂದು ಲೋಡಿಂಗ್ ಸ್ಕೀಮ್ ಬಿಡುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು. ಡೀಲರ್ ಮುಂದಿನ ಸಲವೂ ಅದಕ್ಕೇ ಕಾಯುತ್ತಾನೆ.

ಹಾಗಾಗಿ ಈ ಖೋತಾವನ್ನು ಬಜೆಟ್ಟಿನಲ್ಲೇ ಬರೆದು, ಎರಡು ಮೂರು ಕ್ವಾರ್ಟರಿಗೆ ಹಂಚಿ, ಎಂಡಿ ಸಹಿ ಹಾಕಿಸಿಕೊಂಡು ಶುರು ಮಾಡಿ. ಸಹಿ ಸಿಗಲಿಲ್ಲ ಅಂದರೆ ಶುರುವೇ ಮಾಡಬೇಡಿ, ಬರೀ ಅಂಚಿನ ಜಿಗಿತ ತೆಗೆದು ಸುಮ್ಮನಿರಿ.

ಕಿತ್ತೂರು_ಎಕ್ಸ್‌ಪ್ರೆಸ್

ಇದು ನನಗೆ ಹೊಳೆದಿರಲೇ ಇಲ್ಲ. ನಮ್ಮ ಎಂಡಿ ಏನಂತಾರೆ ಅಂತ ಈಗಲೇ ಊಹಿಸಬಲ್ಲೆ. 'ದಬ್ಬೋದೂ ನಿಲ್ಲಬೇಕು, ಬಿಲ್ಲಿಂಗೂ ಬೀಳಬಾರದು.'

ಸೇಲ್ಸ್ ಆಫೀಸರುಗಳ ಇನ್ಸೆಂಟಿವ್ ಕೂಡ ಬದಲಿಸೋಣ ಅಂತಿದ್ದೇನೆ. ಅರ್ಧ ಟಿಂಟ್ ಲೀಟರ್ ಮೇಲೆ, ಅರ್ಧ ವಸೂಲಿ ಮೇಲೆ. ಬಿಲ್ಲಿಂಗ್ ಮೇಲೆ ಏನೂ ಇಲ್ಲ. ಇದು ನಡೆಯುತ್ತದಾ?

ಡಿಪೋ_ಹಳಬ

ನಡೆಯುತ್ತದೆ. ಅವನ ಮ್ಯಾನೇಜರ್ ದಿನಾ ಸಂಜೆ ಫೋನ್ ಮಾಡಿ 'ಇವತ್ತು ಎಷ್ಟು ಬಿಲ್ ಮಾಡಿದೆ' ಅಂತ ಕೇಳೋದನ್ನು ನಿಲ್ಲಿಸಿದರೆ. ಕ್ವಾರ್ಟರ್ ಮುಗಿದು 30 ದಿನದೊಳಗೆ ವಾಪಸ್ ಬಂದ ಮಾಲನ್ನು ಆಫೀಸರ್ ಮತ್ತು ಮ್ಯಾನೇಜರ್ ಇಬ್ಬರ ಲೆಕ್ಕದಲ್ಲೂ ಕಳೆಯಿರಿ. ಒಬ್ಬನದ್ದೇ ಕಳೆದರೆ ಇನ್ನೊಬ್ಬ ಒತ್ತಡ ಹಾಕುತ್ತಾನೆ.

ಎಕ್ಸೆಲ್_ಹುಡುಗ

ರೇಟು ಏರಿಸುವ ಮೊದಲು ಡೀಲರುಗಳು ಹಳೇ ರೇಟಿಗೆ ತುಂಬಿಕೊಳ್ಳುತ್ತಾರಲ್ಲ, ಅದು? ಟಿಂಟ್ ಸ್ಕೀಮ್ ಅದನ್ನು ತಡೆಯೋದಿಲ್ಲ.

ಡಿಪೋ_ಹಳಬ

ತಡೆಯೋದಿಲ್ಲ, ನಿಜ. 3% ಏರಿಕೆ ಅಂತ ಸುದ್ದಿ ಹೊರಬಿದ್ದರೆ ಯಾರಾದರೂ ತುಂಬಿಕೊಳ್ಳುತ್ತಾರೆ. ಹಳೇ ರೇಟಿನಲ್ಲಿ ಪ್ರತಿ ಅಂಗಡಿಗೂ ಅವರವರ ಎರಡು ವಾರದ ಸರಾಸರಿ ಎತ್ತುವಳಿಯಷ್ಟೇ ಕೊಡೋದು ಅಂತ ಕೆಲವು ಕಡೆ ಮಾಡುತ್ತಾರೆ. ದೊಡ್ಡ ಡೀಲರುಗಳು ಜಗಳ ಮಾಡಿ ಜಾಸ್ತಿ ತಗೊಂಡೇ ತಗೊಳ್ಳುತ್ತಾರೆ. ನನ್ನ ಹತ್ತಿರ ಇದಕ್ಕೆ ಪೂರ್ತಿ ಉತ್ತರ ಇಲ್ಲ.

ಬೆಣ್ಣೆನಗರಿ_ಪೇಂಟ್ಸ್

ಕಿತ್ತೂರು ಸರ್, ನನ್ನದು ಒಂದೇ ಬೇಡಿಕೆ. ಸ್ಕೀಮ್ ಶುರು ಮಾಡುವ ದಿನ ಅಂಗಡಿ ಸ್ಟಾಕ್ ಎಣಿಸುತ್ತೀರಲ್ಲ, ಅದನ್ನು ನಿಮ್ಮ ಸೇಲ್ಸ್ ಆಫೀಸರ್ ಕೈಲಿ ಎಣಿಸಬೇಡಿ. ಅವನು ತಾನೇ ದಬ್ಬಿದ ಮಾಲನ್ನು ತಾನೇ ಎಣಿಸಿದರೆ ಕಡಿಮೆಯೇ ತೋರಿಸುತ್ತಾನೆ. ನೀವು ಕೊಂಡದ್ದು, ಟಿಂಟ್ ಆದದ್ದು ಎರಡರಲ್ಲಿ ಕಡಿಮೆಯದಕ್ಕೆ ದುಡ್ಡು ಅಂತಿದ್ದೀರಿ. ಶುರುವಿನ ಸ್ಟಾಕ್ ಕಡಿಮೆ ಬರೆದರೆ ನಾನು ಹಳೇ ಮಾಲು ಟಿಂಟ್ ಮಾಡಿದ್ದಕ್ಕೆ ನನಗೆ ದುಡ್ಡು ಸಿಗೋದಿಲ್ಲ. ಹೊರಗಿನವರನ್ನು ಕಳಿಸಿ, ಪಟ್ಟಿಗೆ ನನ್ನ ಸಹಿಯೂ ಇರಲಿ.

ಕಿತ್ತೂರು_ಎಕ್ಸ್‌ಪ್ರೆಸ್

ಆಯ್ತು ಅಣ್ಣಾ, ಬರೆದುಕೊಂಡೆ. ಮೊದಲು ಗದಗ, ಹಾವೇರಿ ಅಂಗಡಿಗಳಲ್ಲಿ ಎಣಿಕೆ ಮಾಡಿಸುತ್ತೇನೆ. ದಿನದ ಸ್ಟಾಕ್ ಎಷ್ಟು ಬಂತು ಅಂತ ಇಲ್ಲೇ ಹಾಕುತ್ತೇನೆ. 6 ಕೋಟಿ ಮಾತನ್ನು ಎಂಡಿ ಮುಂದೆ ಇಡೋದು ಅದಾದ ಮೇಲೆ.